ಸಿಕ್ಸರ್ ಲೆಕ್ಕವೋ, ಫೋರ್ ಲೆಕ್ಕವೋ: ಟಿ20 ಬೆಟ್ಟಿಂಗ್‌ನಲ್ಲಿ ಯಾವುದನ್ನು ಆರಿಸೋದು?

"ಗ್ರೌಂಡ್ ಚಿಕ್ಕದು, ಸಿಕ್ಸರ್ ಜಾಸ್ತಿ ಬರುತ್ತೆ, ಕಟ್ಟಿಬಿಡೋಣ್ವಾ?" ಟಿ20 ಸೀಸನ್ ಶುರುವಾದಾಗೆಲ್ಲ ಇಂಗ್ಲೆಂಡಿನಲ್ಲಿರುವ ಗೆಳೆಯರು ಕೇಳುವ ಪ್ರಶ್ನೆ ಇದು. ಪಂದ್ಯದ ಒಟ್ಟು ಸಿಕ್ಸರ್, ಒಟ್ಟು ಫೋರ್, ಯಾವ ತಂಡದ್ದು ಜಾಸ್ತಿ ಸಿಕ್ಸರ್, ಒಂದೇ ತಂಡದ ಸಿಕ್ಸರ್ ಎಷ್ಟು ಅಂತ ನಾಲ್ಕು ಬಗೆಯ ಬೆಟ್ ಪಟ್ಟಿಯಲ್ಲಿ ಕಾಣುತ್ತವೆ. ನೋಡಲು ಎಲ್ಲವೂ ಒಂದೇ ಥರ. ಆದರೆ ಗ್ರೌಂಡ್, ಪಿಚ್, ಬ್ಯಾಟಿಂಗ್ ಕ್ರಮ ಒಂದೊಂದರ ಮೇಲೂ ಬೇರೆಬೇರೆ ರೀತಿ ಕೆಲಸ ಮಾಡುತ್ತವೆ.

ಮೊದಲೇ ಒಂದು ಮಾತು. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಹಣ ಕಟ್ಟುವ ಆನ್‌ಲೈನ್ ಆಟಗಳಿಗೆ ನಿಷೇಧವಿದೆ. ಬೆಟ್ಟಿಂಗ್ ಕೂಡ ಅದರಲ್ಲೇ ಬಂತು. ಹಾಗಾಗಿ ಹಣದ ವಿಷಯ ಬಂದ ಕಡೆ ನಾನು ಮಾತಾಡುತ್ತಿರುವುದು ಲೈಸೆನ್ಸ್ ಇರುವ ಬುಕ್‌ಮೇಕರ್‌ಗಳಿರುವ ಬ್ರಿಟನ್‌ನಂಥ ಕಡೆ ವಾಸ ಮಾಡುವ ವಯಸ್ಕರ ಜೊತೆ. ಊರಲ್ಲಿರುವವರು ಇದನ್ನು ಆಟ ಓದುವ ಲೆಕ್ಕ ಅಂತ ಓದಿಕೊಳ್ಳಿ.

ಅಳೆಯೋದು ಯಾವುದರಿಂದ?

ಬುಕ್‌ಮೇಕರ್ ಒಂದು ಗೆರೆ ಹಾಕುತ್ತಾನೆ. ಒಟ್ಟು ಸಿಕ್ಸರ್ 18.5 ಅಂದರೆ 19 ಅಥವಾ ಜಾಸ್ತಿ ಬಂದರೆ "ಮೇಲೆ" ಕಟ್ಟಿದವರಿಗೆ, 18 ಅಥವಾ ಕಡಿಮೆ ಬಂದರೆ "ಕೆಳಗೆ" ಕಟ್ಟಿದವರಿಗೆ ಹಣ. ಎರಡು ಕಡೆಗೂ 1.87 ದರ ಇದೆ ಅಂದುಕೊಳ್ಳಿ. ಒಂದು ಪೌಂಡ್ ಕಟ್ಟಿ ಗೆದ್ದರೆ ವಾಪಸ್ ಬರುವುದು 1.87. ಈ ದರದಲ್ಲಿ ನಷ್ಟವಾಗದೆ ಇರಬೇಕಾದರೆ ನೂರಕ್ಕೆ 53.5 ಸಲ ಗೆಲ್ಲಬೇಕು. ಐವತ್ತಲ್ಲ. ಮೇಲಿನ ಆ ಮೂರೂವರೆ ಎಲ್ಲಿಂದ ತರುತ್ತೀರಿ ಅನ್ನೋದೇ ಇಡೀ ವಿಷಯ.

ಅದಕ್ಕೆ ನಾನು ನೋಡುವುದು ನಾಲ್ಕು. ಬೌಂಡರಿ ಹಗ್ಗ ಎಷ್ಟು ದೂರ, ಚೆಂಡು ಬ್ಯಾಟಿಗೆ ಹೇಗೆ ಬರುತ್ತೆ, ನೆಲದ ಮೇಲೆ ಹೇಗೆ ಓಡುತ್ತೆ, ಯಾರು ಎಷ್ಟು ಚೆಂಡು ಆಡುತ್ತಾರೆ. ಕೊನೆಯದನ್ನೇ ಜನ ಮರೆಯೋದು.

ಹಗ್ಗದಿಂದ ಶುರು ಮಾಡೋಣ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬೌಂಡರಿ ಗೆರೆ ಪಿಚ್‌ನ ಮಧ್ಯದಿಂದ 65 ಗಜಕ್ಕಿಂತ (59.43 ಮೀಟರ್) ಹತ್ತಿರ ಇರುವಂತಿಲ್ಲ, 90 ಗಜಕ್ಕಿಂತ (82.29 ಮೀಟರ್) ದೂರ ಇರುವಂತಿಲ್ಲ. ಅಂತರ ದೊಡ್ಡದೇ. ಆದರೆ "ಚಿಕ್ಕ ಗ್ರೌಂಡ್", "ದೊಡ್ಡ ಗ್ರೌಂಡ್" ಅನ್ನುವ ಒಂದೇ ಪದದಲ್ಲಿ ಇದು ಮುಗಿಯೋದಿಲ್ಲ. ಅಡಿಲೇಡ್ ಓವಲ್‌ನಲ್ಲಿ ಪಕ್ಕದ ಗೆರೆ ಹತ್ತಿರ, ನೇರಕ್ಕೆ ದೂರ. ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ಉಲ್ಟಾ, ನೇರಕ್ಕೆ ತೀರಾ ಹತ್ತಿರ. ಅಡಿಲೇಡ್‌ನಲ್ಲಿ ಶಾರ್ಟ್ ಬಾಲ್ ಹಾಕಿದವನಿಗೆ ಪುಲ್ ಬೀಳುತ್ತದೆ. ಈಡನ್ ಪಾರ್ಕ್‌ನಲ್ಲಿ ಫುಲ್ ಹಾಕಿದವನ ತಲೆ ಮೇಲೆ ಹೋಗುತ್ತದೆ. ಹಾಗಾಗಿ ಗ್ರೌಂಡಿನ ಆಕಾರದ ಜೊತೆ ಬ್ಯಾಟ್ಸ್‌ಮನ್‌ಗಳು ಎಲ್ಲಿ ಹೊಡೆಯುವವರು ಅನ್ನೋದನ್ನೂ ನೋಡಬೇಕು.

ಇನ್ನೊಂದು ಸಂಗತಿ ಟಿವಿ ನೋಡುತ್ತಲೇ ಹಿಡಿಯಬಹುದು. ಒಂದು ಪಿಚ್‌ನ ಅಗಲ 3.05 ಮೀಟರ್. ಕೌಂಟಿ ಗ್ರೌಂಡುಗಳಲ್ಲಿ ಇಂಥ ಪಿಚ್‌ಗಳು ಸಾಲಾಗಿ ಇರುತ್ತವೆ, ಬೇಸಗೆ ಉದ್ದಕ್ಕೂ ಒಂದಾದ ಮೇಲೆ ಒಂದನ್ನು ಬಳಸುತ್ತಾರೆ. ಇವತ್ತಿನ ಪಂದ್ಯ ನಡು ಪಿಚ್‌ನಿಂದ ಐದನೆಯದರಲ್ಲಿ ಅಂದರೆ ಸುಮಾರು 15 ಮೀಟರ್ ಪಕ್ಕಕ್ಕೆ ಸರಿದ ಹಾಗೆ. ಒಂದು ಬದಿ ಅಷ್ಟು ಹತ್ತಿರ, ಇನ್ನೊಂದು ಬದಿ ಅಷ್ಟೇ ದೂರ. ಆಗ ಹತ್ತಿರದ ಬದಿ ಬಲಗೈ ಬ್ಯಾಟ್ಸ್‌ಮನ್‌ಗೆ ಒಂದು ತುದಿಯಿಂದ ಲೆಗ್ ಸೈಡ್, ಇನ್ನೊಂದು ತುದಿಯಿಂದ ಆಫ್ ಸೈಡ್. ಬುದ್ಧಿವಂತ ನಾಯಕ ತನ್ನ ಸ್ಪಿನ್ನರ್‌ಗೆ ಸ್ಲಾಗ್ ಸ್ವೀಪ್ ದೂರದ ಬದಿಗೆ ಹೋಗುವ ತುದಿಯಿಂದಲೇ ಬೌಲಿಂಗ್ ಕೊಡುತ್ತಾನೆ. ಆದ್ದರಿಂದ "ಒಂದು ಬದಿ 58 ಮೀಟರ್ ಅಷ್ಟೇ!" ಅಂತ ಕಾಮೆಂಟರಿಯಲ್ಲಿ ಕೂಗಿದಾಗ ಅದರ ಲಾಭ ಇಪ್ಪತ್ತೂ ಓವರ್‌ಗೆ ಸಿಗುತ್ತೆ ಅಂದುಕೊಳ್ಳಬೇಡಿ. ಸರಿಸುಮಾರು ಅರ್ಧಕ್ಕೆ ಸಿಗುತ್ತೆ.

ಪಿಚ್ ಹಗ್ಗಕ್ಕಿಂತ ದೊಡ್ಡದು ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. 2024ರ ಏಪ್ರಿಲ್ 15ರಂದು ನಮ್ಮ ಚಿನ್ನಸ್ವಾಮಿಯಲ್ಲಿ ಹೈದರಾಬಾದ್ 287 ಹೊಡೆಯಿತು, ಆರ್‌ಸಿಬಿ 262ಕ್ಕೆ ನಿಂತಿತು. ಒಟ್ಟು 38 ಸಿಕ್ಸರ್, 43 ಫೋರ್. ಚಿಕ್ಕ ಗ್ರೌಂಡ್, ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದ ಊರಿನ ತೆಳು ಗಾಳಿ, ಅದಕ್ಕೇ ಹೀಗಾಯ್ತು ಅಂತ ಎಲ್ಲರೂ ಅಂದರು. ಹನ್ನೊಂದು ದಿನ ಬಿಟ್ಟು ಕೋಲ್ಕತ್ತದಲ್ಲಿ ಕೆಕೆಆರ್ ಕೊಟ್ಟ 262ರ ಗುರಿಯನ್ನು ಪಂಜಾಬ್ ಎಂಟು ಚೆಂಡು ಉಳಿಸಿಕೊಂಡು ಮುಟ್ಟಿತು. ಆ ಪಂದ್ಯದಲ್ಲಿ 42 ಸಿಕ್ಸರ್! ಈಡನ್ ಗಾರ್ಡನ್ಸ್ ಚಿನ್ನಸ್ವಾಮಿಯಷ್ಟು ಚಿಕ್ಕದಲ್ಲ, ಎತ್ತರದ ಊರೂ ಅಲ್ಲ. ಅಲ್ಲಿ ಕೆಲಸ ಮಾಡಿದ್ದು ಚೆಂಡು ನೇರವಾಗಿ ಬ್ಯಾಟಿಗೆ ಬರುತ್ತಿದ್ದ ಪಿಚ್. ಜೊತೆಗೆ ಇಂಪ್ಯಾಕ್ಟ್ ಆಟಗಾರನ ನಿಯಮದಿಂದ ಉದ್ದವಾದ ಬ್ಯಾಟಿಂಗ್.

ಇದರ ಉಲ್ಟಾ ನೋಡಬೇಕೆಂದರೆ ಅದೇ ವರ್ಷದ ಟಿ20 ವಿಶ್ವಕಪ್‌ನ ನ್ಯೂಯಾರ್ಕ್. ಬೇರೆ ಕಡೆ ಬೆಳೆಸಿ ತಂದು ಕೂರಿಸಿದ ಪಿಚ್‌ಗಳು. ಚೆಂಡು ಒಮ್ಮೆ ಏಳುತ್ತಿತ್ತು, ಒಮ್ಮೆ ಕೂರುತ್ತಿತ್ತು. ಹೊರಮೈದಾನ ಎಷ್ಟು ನಿಧಾನ ಅಂದರೆ ಗ್ಯಾಪ್‌ನಲ್ಲಿ ಹೋದ ಚೆಂಡೂ ಹಗ್ಗ ಮುಟ್ಟದೆ ನಿಲ್ಲುತ್ತಿತ್ತು. ಜೂನ್ 9ರಂದು ಭಾರತ 119ಕ್ಕೆ ಆಲೌಟ್ ಆಗಿಯೂ ಪಾಕಿಸ್ತಾನವನ್ನು 113ಕ್ಕೆ ತಡೆಯಿತು. ಇಲ್ಲಿ ಹಗ್ಗದ ದೂರ ಅಳೆದು ಕೂತವನಿಗೆ ಏನೂ ತಿಳಿಯುತ್ತಿರಲಿಲ್ಲ.

ಗಮನಿಸಿ, ನಿಧಾನ ಹೊರಮೈದಾನ ಕೊಲ್ಲುವುದು ಫೋರನ್ನು. ಸಿಕ್ಸರ್‌ಗೆ ಹುಲ್ಲಿನ ಹಂಗಿಲ್ಲ. ಎರಡು ಪಿಚ್‌ನ ಸ್ವಭಾವ ಒಂದೇ ಇದ್ದರೂ ಒಂದು ಕಡೆ ಮಳೆ ಬಂದು ಹುಲ್ಲು ಒದ್ದೆ ಇದ್ದರೆ ಫೋರ್ ಇಳಿಯುತ್ತದೆ, ಸಿಕ್ಸರ್ ಅಷ್ಟಾಗಿ ಇಳಿಯೋದಿಲ್ಲ.

ಒಟ್ಟು ಸಿಕ್ಸರ್

ಇದು ಎಲ್ಲರಿಗೂ ಇಷ್ಟ. ನೋಡಲು ಮಜಾ, ಕೊನೆಯ ಓವರ್‌ವರೆಗೂ ಜೀವ ಇರುತ್ತದೆ. 2016ರ ವಿಶ್ವಕಪ್ ಫೈನಲ್ ನೆನಪಿದೆಯಲ್ವಾ? ಕೊನೆ ಓವರ್‌ಗೆ 19 ಬೇಕಿತ್ತು, ಬ್ರಾತ್‌ವೇಟ್ ಸ್ಟೋಕ್ಸ್‌ಗೆ ನಾಲ್ಕು ಚೆಂಡಿಗೆ ನಾಲ್ಕು ಸಿಕ್ಸರ್ ಬಾರಿಸಿದ. ಅಲ್ಲಿಯವರೆಗೆ "ಕೆಳಗೆ" ಕಟ್ಟಿ ನೆಮ್ಮದಿಯಾಗಿ ಕೂತಿದ್ದವನ ಕಥೆ ನಾಲ್ಕೇ ಚೆಂಡಿನಲ್ಲಿ ಬದಲಾಗಬಹುದು.

ಇದೇ ಇದರ ದೌರ್ಬಲ್ಯವೂ ಹೌದು. ಸಿಕ್ಸರ್ ಸಂಖ್ಯೆ ಪಂದ್ಯದಿಂದ ಪಂದ್ಯಕ್ಕೆ ವಿಪರೀತ ಏರಿಳಿಯುತ್ತದೆ. ಐಪಿಎಲ್ 2024ರಲ್ಲಿ ಪಂದ್ಯಕ್ಕೆ ಸರಾಸರಿ 17ಕ್ಕೂ ಹೆಚ್ಚು ಸಿಕ್ಸರ್ ಬಂದವು. ಆದರೆ ಆ ಸರಾಸರಿಯಲ್ಲಿ 38 ಮತ್ತು 42ರ ಪಂದ್ಯಗಳೂ ಇವೆ. ಇಂಥ ನಾಲ್ಕಾರು ಪಂದ್ಯ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ. ಕೆಳಗೆ ಸೊನ್ನೆಗಿಂತ ಇಳಿಯುವಂತಿಲ್ಲ, ಮೇಲಕ್ಕೆ ಮಿತಿಯಿಲ್ಲ. ಹಾಗಾಗಿ ಅರ್ಧಕ್ಕರ್ಧ ಪಂದ್ಯಗಳು ನಿಲ್ಲುವ ಜಾಗ ಸರಾಸರಿಗಿಂತ ಸ್ವಲ್ಪ ಕೆಳಗಿರುತ್ತದೆ. ಸರಾಸರಿ 19 ಇದೆ, ಗೆರೆ 18.5 ಇದೆ, ಆದ್ದರಿಂದ "ಮೇಲೆ" ಲಾಭ ಅಂತ ಲೆಕ್ಕ ಹಾಕಿದರೆ ಅದು ಸರಿಯಾಗಿ ನಾಣ್ಯ ಚಿಮ್ಮಿದಷ್ಟೇ. 53.5 ಎಲ್ಲಿಂದ ಬರಬೇಕು?

ಸಿಕ್ಸರ್ "ಮೇಲೆ" ಕಟ್ಟಲು ನನಗೆ ಮೂರೂ ಒಟ್ಟಿಗೆ ಬೇಕು. ಚೆಂಡು ಬ್ಯಾಟಿಗೆ ಬರುವ ಪಿಚ್, ಎರಡೂ ತಂಡದಲ್ಲಿ ಆರು ಏಳನೇ ಕ್ರಮಾಂಕದವರೆಗೆ ಎತ್ತಿ ಹೊಡೆಯುವವರು, ಮತ್ತು ಸರಿಸಮ ಪೈಪೋಟಿ. ಮೂರನೆಯದು ಯಾಕೆ? ಒಂದು ತಂಡ ಕುಸಿದರೆ ಚೆಂಡುಗಳೇ ಇರುವುದಿಲ್ಲ. ಚಿನ್ನಸ್ವಾಮಿಯ ಆ ರಾತ್ರಿ ಎರಡೂ ತಂಡ ಇಪ್ಪತ್ತು ಓವರ್ ಪೂರ್ತಿ ಆಡಿದ್ದವು.

ಒಟ್ಟು ಫೋರ್

ಇದು ಸಪ್ಪೆ ಅನ್ನಿಸುತ್ತೆ, ಆದರೆ ನನಗೆ ಹೆಚ್ಚು ನಂಬಿಕೆ ಇದರ ಮೇಲೆ. ಪಂದ್ಯಕ್ಕೆ ಮೂವತ್ತರ ಹತ್ತಿರ ಫೋರ್ ಬರುವ ಲೀಗ್‌ಗಳಲ್ಲಿ ಸಂಖ್ಯೆ ದೊಡ್ಡದು, ಅದಕ್ಕೆ ಹೋಲಿಸಿದರೆ ಏರಿಳಿತ ಕಡಿಮೆ. ಕೊನೆಯ ಓವರ್‌ನಲ್ಲಿ ಒಬ್ಬನ ಆರ್ಭಟದಿಂದ ಪೂರ್ತಿ ತಲೆಕೆಳಗಾಗುವುದು ಅಪರೂಪ.

ಫೋರ್‌ನ ಮನೆ ಪವರ್‌ಪ್ಲೇ. ಮೊದಲ ಆರು ಓವರ್ ವೃತ್ತದ ಹೊರಗೆ ಇಬ್ಬರೇ ಫೀಲ್ಡರ್. ಕವರ್ ದಾಟಿದರೆ, ಸ್ಕ್ವೇರ್ ಲೆಗ್ ದಾಟಿದರೆ ಫೋರ್. ಆಮೇಲೆ ಐವರು ಹೊರಗೆ ಹೋಗುತ್ತಾರೆ, ಅದೇ ಹೊಡೆತಕ್ಕೆ ಒಂದೇ ರನ್. ಹಾಗಾಗಿ ಫೋರ್ ಅಂದಾಜಿಗೆ ಮೊದಲ ಮೂವರು ಮುಖ್ಯ. ಟೈಮಿಂಗ್ ಮೇಲೆ ನಿಂತ, ನೆಲದ ಮೇಲೆ ಆಡುವ ಆರಂಭಿಕರಿದ್ದರೆ ಸಂಖ್ಯೆ ಏರುತ್ತದೆ. ಬೆಳಗ್ಗೆ ಮಳೆಯಾಗಿ ಹುಲ್ಲು ಹಸಿಯಿದ್ದರೆ, ಹೊಸ ಚೆಂಡು ಸ್ವಿಂಗ್ ಆಗುತ್ತಿದ್ದರೆ ಇಳಿಯುತ್ತದೆ. ಮೆಲ್ಬರ್ನ್‌ನಂಥ ವಿಶಾಲ ಮೈದಾನದಲ್ಲಿ ಸಿಕ್ಸರ್ ಆಗಬೇಕಿದ್ದದ್ದು ಹಗ್ಗದ ಬಳಿ ಬಿದ್ದು ಫೋರ್ ಅಥವಾ ಎರಡು ರನ್ ಆಗುತ್ತದೆ. ಸಿಕ್ಸರ್ "ಕೆಳಗೆ", ಫೋರ್ "ಮೇಲೆ" ಎರಡೂ ಒಟ್ಟಿಗೆ ನಿಜವಾಗಬಹುದಾದ ಜಾಗ ಅದು. ತೀರಾ ಚಿಕ್ಕ ಗ್ರೌಂಡಿನಲ್ಲಿ ಇದರ ಉಲ್ಟಾ, ಫೋರ್ ಆಗಬೇಕಿದ್ದದ್ದು ಗಾಳಿಯಲ್ಲೇ ದಾಟಿಬಿಡುತ್ತದೆ.

ಯಾವ ತಂಡದ್ದು ಜಾಸ್ತಿ ಸಿಕ್ಸರ್?

ಇಲ್ಲಿ ಹಗ್ಗಕ್ಕೂ ಪಿಚ್‌ಗೂ ಅಷ್ಟು ಬೆಲೆ ಇಲ್ಲ, ಎರಡೂ ತಂಡಕ್ಕೆ ಅವು ಒಂದೇ. ಇದು ಪೂರ್ತಿ ಬ್ಯಾಟಿಂಗ್ ಕ್ರಮದ ಬೆಟ್. ಮೊದಲು ಆಡುವ ತಂಡಕ್ಕೆ ಆಲೌಟ್ ಆಗದಿದ್ದರೆ 120 ಚೆಂಡು ಗ್ಯಾರಂಟಿ. ಬೆನ್ನಟ್ಟುವ ತಂಡ 16ನೇ ಓವರ್‌ಗೆ ಗೆದ್ದರೆ 24 ಚೆಂಡು ಕಳೆದುಕೊಳ್ಳುತ್ತದೆ. ಅದೂ ಸಿಕ್ಸರ್ ಹೆಚ್ಚು ಬೀಳುವ ಕೊನೆಯ 24 ಚೆಂಡು. ಬಲಶಾಲಿ ತಂಡ ಟಾಸ್ ಗೆದ್ದು ಫೀಲ್ಡಿಂಗ್ ತೆಗೆದುಕೊಂಡರೆ, ಪಂದ್ಯ ಗೆಲ್ಲುವ ಸಾಧ್ಯತೆ ಏರಿದರೂ ಸಿಕ್ಸರ್ ಎಣಿಕೆಯಲ್ಲಿ ಗೆಲ್ಲುವ ಸಾಧ್ಯತೆ ಇಳಿಯಬಹುದು. ಹೊಸಬರು ಎಡವೋದು ಇಲ್ಲೇ.

ಮತ್ತೆ ಒಬ್ಬನೇ ಆಟಗಾರ ಇದನ್ನು ಮುಗಿಸಿಬಿಡಬಹುದು. 2013ರಲ್ಲಿ ಪುಣೆ ವಾರಿಯರ್ಸ್ ವಿರುದ್ಧ ಚಿನ್ನಸ್ವಾಮಿಯಲ್ಲಿ ಗೇಲ್ ಹೊಡೆದ 175ರಲ್ಲಿ 17 ಸಿಕ್ಸರ್ ಇದ್ದವು. ಅವತ್ತು ಉಳಿದ ಹತ್ತು ಜನರ ಲೆಕ್ಕ ಯಾರಿಗೆ ಬೇಕಿತ್ತು? ಜೊತೆಗೆ ಎರಡೂ ತಂಡ ಸಮ ಆದರೆ ಹೆಚ್ಚಿನ ಕಡೆ ಅದು ಮೂರನೇ ಫಲಿತಾಂಶ, ನಿಮ್ಮ ಹಣ ಹೋಯಿತು. ಸಮ ಆಗುವುದೇನೂ ಅಪರೂಪವಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ದರ ನೋಡಿ.

ಒಂದೇ ತಂಡದ ಸಿಕ್ಸರ್

ಎದುರಾಳಿ ಬಗ್ಗೆ ಏನೂ ಗೊತ್ತಿಲ್ಲ, ಒಂದು ತಂಡವನ್ನು ಮಾತ್ರ ಚೆನ್ನಾಗಿ ಬಲ್ಲೆ ಅನ್ನುವವರಿಗೆ ಇದು ಸೂಕ್ತ. ಆದರೆ ಟಾಸ್ ಆಗುವವರೆಗೆ ಮುಟ್ಟಬೇಡಿ. ಮೊದಲು ಆಡುತ್ತಾರೋ ಬೆನ್ನಟ್ಟುತ್ತಾರೋ ಅನ್ನೋದೇ ಇದರ ಅರ್ಧ ಉತ್ತರ. ಐಪಿಎಲ್‌ನಲ್ಲಿ 2023ರಿಂದ ಹನ್ನೊಂದರ ಪಟ್ಟಿಯನ್ನು ಟಾಸ್ ಆದ ಮೇಲೆ ಕೊಡುತ್ತಾರೆ, ಹಾಗಾಗಿ ಯಾರು ಆಡುತ್ತಾರೆ ಅನ್ನೋದೂ ಆಗಲೇ ತಿಳಿಯೋದು. ಸಾಮಾನ್ಯವಾಗಿ ಟಾಸ್‌ನಿಂದ ಮೊದಲ ಚೆಂಡಿಗೆ ಅರ್ಧ ಗಂಟೆ ಇರುತ್ತದೆ. ಬುಕ್‌ಮೇಕರ್ ಕೂಡ ಆಗ ಗೆರೆ ಸರಿಸುತ್ತಾನೆ ಅನ್ನಿ. ಆದರೂ ತಿಳಿಯದೆ ಕಟ್ಟೋದಕ್ಕಿಂತ ತಿಳಿದು ಬಿಡೋದು ಅಗ್ಗ.

ಒಂದು ಲೆಕ್ಕ ಮಾಡಿ ನೋಡೋಣ

ಇಂಗ್ಲೆಂಡಿನ ಒಂದು ಚಿಕ್ಕ ಕೌಂಟಿ ಗ್ರೌಂಡ್, ಆಗಲೇ ಒಂದು ಪಂದ್ಯ ಕಂಡ ಹಳೇ ಪಿಚ್, ಹೊರಮೈದಾನ ಸ್ವಲ್ಪ ಭಾರ ಅಂತ ಇಟ್ಟುಕೊಳ್ಳಿ. ಸಿಕ್ಸರ್ ಗೆರೆ 18.5, ಫೋರ್ ಗೆರೆ 28.5, ಎಲ್ಲದಕ್ಕೂ 1.87. ಟಾಸ್ ಆಗಿದೆ, ಎತ್ತಿ ಹೊಡೆಯುವವರು ತುಂಬಿರುವ ತಂಡ ಮೊದಲು ಆಡುತ್ತಿದೆ.

ಮೊದಲ ತಂಡ ಇಂಥ ಕಡೆ 12 ಚೆಂಡಿಗೊಂದು ಸಿಕ್ಸರ್ ಹೊಡೆಯುತ್ತದೆ ಅನ್ನೋದು ನಿಮ್ಮ ಅಂದಾಜು. 120 ಚೆಂಡಿಗೆ 10. ಎರಡನೆಯದು 15 ಚೆಂಡಿಗೊಂದು. ಪೂರ್ತಿ ಆಡಿದರೆ 8, ಹದಿನೇಳು ಓವರ್‌ಗೆ ಮುಗಿಸಿದರೆ ಅಥವಾ ಕುಸಿದರೆ ಸುಮಾರು 7. ನಡುವಿನದು ಹಿಡಿದರೆ ಒಟ್ಟು 17.5. ಗೆರೆಗಿಂತ ಒಂದು ಕಡಿಮೆ. ಫೋರ್ 9 ಚೆಂಡಿಗೊಂದು ಅಂತ ಹಿಡಿಯಿರಿ. ಮೊದಲ ಇನಿಂಗ್ಸ್‌ನಲ್ಲಿ 13ರ ಮೇಲೆ, ಎರಡನೆಯದರಲ್ಲಿ 12ರ ಮೇಲೆ, ಒಟ್ಟು 25.5ರ ಆಸುಪಾಸು. ಗೆರೆಗಿಂತ ಮೂರು ಕಡಿಮೆ.

ಈಗ ನಿಮ್ಮ ಅಂದಾಜನ್ನೇ ಪೂರ್ತಿ ನಂಬಬೇಡಿ. ಗೆರೆ ಹಾಕಿದವನಿಗೂ ಪಿಚ್ ಗೊತ್ತು, ತಂಡ ಗೊತ್ತು. ಅಂದಾಜಿಗೂ ಗೆರೆಗೂ ಇರುವ ಅಂತರವನ್ನು ಅರ್ಧ ಮಾಡಿ. ಸಿಕ್ಸರ್‌ನಲ್ಲಿ ಉಳಿಯುವುದು ಅರ್ಧ ಸಿಕ್ಸರ್. ಒಬ್ಬ ಒಂದು ಓವರ್ ಬಾರಿಸಿದರೆ ಅದು ಎಲ್ಲಿ ಹೋಯಿತೋ. ಫೋರ್‌ನಲ್ಲಿ ಒಂದೂವರೆ ಉಳಿಯುತ್ತದೆ, ಅಲ್ಲಿ ಏರಿಳಿತವೂ ಶಾಂತ. ಹಾಗಾಗಿ ಚಿಕ್ಕ ಗ್ರೌಂಡಿನಲ್ಲಿ ಎಲ್ಲರೂ ಸಿಕ್ಸರ್ "ಮೇಲೆ" ಅನ್ನುತ್ತಿರುವಾಗ ನಾನು ಆರಿಸುವುದು ಫೋರ್ "ಕೆಳಗೆ". "ಜಾಸ್ತಿ ಸಿಕ್ಸರ್" ಬೆಟ್‌ನಲ್ಲಿ ಮೊದಲ ತಂಡಕ್ಕೆ 1.50 ದರ ಇದ್ದರೆ ಮೂರರಲ್ಲಿ ಎರಡು ಸಲ ಗೆಲ್ಲಬೇಕು. 10ಕ್ಕೆ 7.5ರ ಅಂತರಕ್ಕೆ, ಸಮ ಆಗುವುದನ್ನೂ ಸೇರಿಸಿದರೆ, ನ್ಯಾಯವಾದ ದರವೇ ಅಲ್ಲಿಗೆ ಹತ್ತಿರ. ಅದರಲ್ಲಿ ನಮಗೇನೂ ಉಳಿದಿಲ್ಲ.

ಇದೇ ಪಿಚ್ ಹೊಸದಾಗಿದ್ದು ಹೊರಮೈದಾನ ಒಣಗಿದ್ದರೆ ಫೋರ್ 8 ಚೆಂಡಿಗೊಂದು ಆಗಿ ಒಟ್ಟು 28, 29 ಬಂದುಬಿಡುತ್ತದೆ. ಆಗ ಕಟ್ಟೋದಕ್ಕೆ ಏನೂ ಇಲ್ಲ. ಬಹುತೇಕ ಪಂದ್ಯಗಳಲ್ಲಿ ಉತ್ತರ ಇದೇ.

ಯಾರಿಗೆ ಯಾವುದು?

ಪಂದ್ಯ ನೋಡುವ ಮಜಾಕ್ಕೆ ತಿಂಗಳಿಗೆ 20 ಪೌಂಡ್ ಎತ್ತಿಡುವವರು ಸಲಕ್ಕೆ ಒಂದೇ ಪೌಂಡ್ ಕಟ್ಟಿ, ಒಟ್ಟು ಸಿಕ್ಸರ್ ಆರಿಸಿಕೊಂಡರೆ ತಪ್ಪೇನಿಲ್ಲ. ಏನೂ ಲೆಕ್ಕ ಹಾಕದೆ ಕಟ್ಟಿದರೂ 1.87 ದರದಲ್ಲಿ ಇಪ್ಪತ್ತು ಪೌಂಡಿಗೆ ಸರಾಸರಿ ಖರ್ಚು 1.30 ಪೌಂಡ್. ಒಂದು ಕಾಫಿಗಿಂತ ಕಡಿಮೆ. ಲೆಕ್ಕ ಬರೆದುಕೊಂಡು, ಪಿಚ್ ರಿಪೋರ್ಟ್ ನೋಡಿ, ಹತ್ತರಲ್ಲಿ ಎಂಟು ಪಂದ್ಯ ಬಿಟ್ಟುಬಿಡುವ ತಾಳ್ಮೆ ಇದ್ದವರಿಗೆ ಫೋರ್. ಒಂದೇ ತಂಡದ ಅಭಿಮಾನಿಗಳಿಗೆ ಆ ತಂಡದ ಸಿಕ್ಸರ್, ಅದೂ ಟಾಸ್ ಆದ ಮೇಲೆ. "ಜಾಸ್ತಿ ಸಿಕ್ಸರ್" ಬೆಟ್ ನಾನು ಮುಟ್ಟುವುದು ಬಲಶಾಲಿ ತಂಡ ಮೊದಲು ಆಡುವಾಗ ಮಾತ್ರ, ಅದೂ ದರ ಇನ್ನೂ ಇಳಿದಿಲ್ಲದಿದ್ದರೆ.

ನಾಲ್ಕನ್ನೂ ಸೇರಿಸಿ ಒಂದೇ ಚೀಟಿ ಮಾಡುವ ಆಸೆ ಬರುತ್ತೆ. ಬೇಡ. ಬೇರೆಬೇರೆ ಪಂದ್ಯದ ನಾಲ್ಕು ಸಮಸಮ ಬೆಟ್ ಒಟ್ಟಿಗೆ ಗೆದ್ದರೆ ನ್ಯಾಯವಾಗಿ 16 ಪಟ್ಟು ಬರಬೇಕು. 1.87 ಅನ್ನು ನಾಲ್ಕು ಸಲ ಗುಣಿಸಿದರೆ ಸಿಗೋದು 12.2. ಮಿಕ್ಕಿದ್ದು ಅಂಗಡಿಯವನ ಪಾಲು. ಸೋತದ್ದನ್ನು ಮರಳಿ ಪಡೆಯಲು ಮೊತ್ತ ಏರಿಸುತ್ತಿದ್ದೀರಿ ಅಂತ ಅನ್ನಿಸಿದರೆ ಬ್ರಿಟನ್‌ನಲ್ಲಿ ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ಕೊಟ್ಟರೆ ಸಾಕು, ಅಲ್ಲಿನ ಲೈಸೆನ್ಸ್ ಇರುವ ಎಲ್ಲ ಸೈಟ್‌ಗಳೂ ಬಾಗಿಲು ಹಾಕುತ್ತವೆ. ಅದಕ್ಕೆ ದುಡ್ಡಿಲ್ಲ.

ಕಟ್ಟುವ ಮುಂಚೆ ನಿಯಮದ ಪುಟ ತೆರೆದು ಮೂರು ವಿಷಯ ಹುಡುಕಿ. ಬೈ, ಲೆಗ್ ಬೈ, ವೈಡ್‌ನಲ್ಲಿ ಹಗ್ಗ ದಾಟಿದ್ದು ಎಣಿಕೆಗೆ ಬರುತ್ತದೆಯೋ? ಬ್ಯಾಟಿನಿಂದ ಬಂದದ್ದು ಮಾತ್ರ ಅಂತ ಹೇಳುವವರೇ ಹೆಚ್ಚು. ಸೂಪರ್ ಓವರ್ ಸೇರುತ್ತದೆಯೋ? ಮಳೆಯಿಂದ ಓವರ್ ಕಡಿಮೆಯಾದರೆ ಹಣ ವಾಪಸ್ಸೋ, ಎಷ್ಟು ಓವರ್ ಕಡಿಮೆಯಾದರೆ? ಇಂಗ್ಲೆಂಡಿನ ಬೇಸಗೆಯಲ್ಲಿ ಈ ಮೂರನೆಯದು ಉಳಿದೆರಡಕ್ಕಿಂತ ಹೆಚ್ಚು ಸಲ ಕೆಲಸಕ್ಕೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿರುವವರಿಗೆ ಇನ್ನೊಂದು. ಅಲ್ಲಿ ಪಂದ್ಯ ಶುರುವಾದ ಮೇಲೆ ಆನ್‌ಲೈನ್‌ನಲ್ಲಿ ಕಟ್ಟುವಂತಿಲ್ಲ, ಫೋನ್ ಮಾಡಿಯೋ ಬೆಟ್ಟಿಂಗ್ ಅಂಗಡಿಗೆ ಹೋಗಿಯೋ ಹೇಳಬೇಕು. ಹಾಗಾಗಿ ಪವರ್‌ಪ್ಲೇ ನೋಡಿ ನಿರ್ಧರಿಸೋಣ ಅನ್ನುವವರು ಟಾಸ್ ನಂತರದ ಅರ್ಧ ಗಂಟೆಯಲ್ಲೇ ಲೆಕ್ಕ ಮುಗಿಸಿಕೊಳ್ಳಿ.